ಬಿಸಿಲು ಜಾಸ್ತಿ ಅಂದ್ರೆ ಸಂಜೆ ಮಳೆ ಖಚಿತವೇ?

"ಇವತ್ತು ಬೆಂಗಳೂರಲ್ಲಿ 34 ಡಿಗ್ರಿ. ಇಷ್ಟು ಸೆಕೆ ಅಂದ್ಮೇಲೆ ಸಂಜೆ ಗುಡುಗು ಮಳೆ ಗ್ಯಾರಂಟಿ!"

ಗ್ಯಾರಂಟಿ ಇಲ್ಲ. ನೆಲದ ಬಿಸಿಯೊಂದೇ ಸಾಲದು, ಮೇಲಿನ ಗಾಳಿ ಎಷ್ಟು ತಣ್ಣಗಿದೆ ಅನ್ನೋದೂ ಮುಖ್ಯ.

ಮೇಲೇರುವ ಗಾಳಿ ಹಿಗ್ಗುತ್ತದೆ, ಹಿಗ್ಗಿದಂತೆ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ತಣಿಯುತ್ತದೆ. ನೆಲದಲ್ಲಿ 34 ಇದ್ದದ್ದು 2 ಕಿ.ಮೀ. ಮೇಲೆ 14. ಅಲ್ಲಿ ಮೋಡ ಕಟ್ಟಿತು ಅಂದುಕೊಳ್ಳಿ. ಆವಿ ಹನಿಯಾಗುವಾಗ ಶಾಖ ಬಿಡುತ್ತದೆ, ಹಾಗಾಗಿ ಮುಂದೆ ತಣಿಯುವುದು ನಿಧಾನ: ಕಿಲೋಮೀಟರಿಗೆ ಸುಮಾರು 5 ಡಿಗ್ರಿ. ಅಂದರೆ 3 ಕಿ.ಮೀ.ಯಲ್ಲಿ ಅದು 9.

ಈಗ ಅದೇ ಎತ್ತರದಲ್ಲಿ ಸುತ್ತಲಿನ ಗಾಳಿ 12 ಡಿಗ್ರಿ ಇದ್ದರೆ? ಮೋಡದ ಗಾಳಿಯೇ ತಣ್ಣಗೆ, ಭಾರ. ಏರಲಾರದೆ ಮೋಡ ಚಪ್ಪಟೆಯಾಗಿ ಹರಡುತ್ತದೆ. ಇದು ಸ್ಥಿರ ಗಾಳಿ. ಸುತ್ತಲೂ 6 ಡಿಗ್ರಿ ಇದ್ದರೆ ಮೋಡದ್ದೇ ಹಗುರ, ತಾನಾಗಿ ಏರುತ್ತಲೇ ಹೋಗುತ್ತದೆ. ಇದು ಅಸ್ಥಿರ. ನೆಲದಲ್ಲಿ ಎರಡೂ ದಿನ 34 ಡಿಗ್ರಿಯೇ, ಅಲ್ವಾ?

ಹವಾಮಾನ ಇಲಾಖೆ ಬಲೂನು ಹಾರಿಸಿ ಮೇಲಿನ ಉಷ್ಣತೆ ಅಳೆಯುವುದೂ ಇದಕ್ಕೇ. ನಾವು ಮಧ್ಯಾಹ್ನ ಮೋಡದ ತಲೆ ನೋಡಬಹುದು. ಹೂಕೋಸಿನಂತೆ ಉಬ್ಬುತ್ತಾ ಬೆಳೆಯುತ್ತಿದ್ದರೆ ಮಳೆಯ ಸಾಧ್ಯತೆ ಇದೆ. ಎಲ್ಲವೂ ಒಂದೇ ಎತ್ತರದಲ್ಲಿ ನಿಂತಿದ್ದರೆ, ಸದ್ಯಕ್ಕೆ ಮೇಲಿನ ಬೆಚ್ಚನೆ ಪದರ ಅವನ್ನು ತಡೆದಿದೆ.