ಸತ್ಯಾಂಶ: ಹೊಡೆದರೆ ಮಾತ್ರ ದೌರ್ಜನ್ಯವೇ?

ಫಾರ್ವರ್ಡ್: "ಗಂಡ ಕೈ ಎತ್ತದಿದ್ರೆ ಅದು ದೌರ್ಜನ್ಯ ಅಲ್ಲ. ಫೋನ್ ನೋಡೋದು ಕಾಳಜಿ."

ತಪ್ಪು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಮಾತಿನ, ಭಾವನಾತ್ಮಕ ಮತ್ತು ಆರ್ಥಿಕ ಹಿಂಸೆಯೂ ಸೇರಿದೆ.

ಮೂಡಿಗೆರೆ ಕಡೆಯ ಒಂದು ಮನೆ ಅಂದುಕೊಳ್ಳಿ. ಹೆಂಡತಿ ಸಂತೆಗೆ ಹೋದರೂ ಗಂಡನಿಗೆ ವಿಡಿಯೊ ಕಾಲ್ ಮಾಡಿ ಪಕ್ಕದಲ್ಲಿ ಯಾರಿದ್ದಾರೆಂದು ತೋರಿಸಬೇಕು. ತವರಿನ ನಂಬರ್ ಬ್ಲಾಕ್. ಹಬ್ಬಕ್ಕೂ ಅಮ್ಮನ ಮನೆಗೆ ಕಳಿಸಲ್ಲ. ಕಾಳಜಿಯಾದರೆ 'ಬೇಡ' ಅಂದಾಗ ನಿಲ್ಲುತ್ತದೆ. ಇಲ್ಲಿ 'ಬೇಡ' ಅಂದರೆ ವಾರಗಟ್ಟಲೆ ಮೌನ, ಬೆದರಿಕೆ.

ನಿಮ್ಮ ಸ್ಥಿತಿಯೂ ಹೀಗಿದ್ದರೆ, ಗಂಡ ನಿಗಾ ಇಡುವ ಫೋನಿನ ಲೊಕೇಶನ್ ಅನ್ನು ತಟ್ಟನೆ ಆಫ್ ಮಾಡಬೇಡಿ, ಅವನಿಗೆ ಗೊತ್ತಾಗಿ ಅಪಾಯ ಹೆಚ್ಚಬಹುದು. ಅವನ ಕೈಗೆ ಸಿಗದ, ನಂಬಿಕಸ್ತರೊಬ್ಬರ ಫೋನಿನಿಂದ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ (ಸಿಡಿಪಿಒ) ಈ ಕಾಯ್ದೆಯಡಿ ದೂರು ಪಡೆದು ನೆರವಾಗುವ ಸಂರಕ್ಷಣಾಧಿಕಾರಿ. ಅಲ್ಲಿ ದೂರು ಕೊಡಲು ಗಾಯದ ಗುರುತು ಬೇಕಿಲ್ಲ. ಜೀವಭಯವಿದ್ದರೆ ನೇರ 112.