ಇನ್ನೂ ಹುಟ್ಟದ ವರ್ಷಕ್ಕೆ ಮುಂಗಡ ತೆರಿಗೆ

ಆದಾಯ ತೆರಿಗೆಯವರ ಹಳೆಯ ಪಂಚಾಂಗದಲ್ಲಿ ನಾವು ದುಡಿಯುತ್ತಿದ್ದದ್ದು ಒಂದು ವರ್ಷ, ದುಡಿದದ್ದಕ್ಕೆ ಲೆಕ್ಕ ಕೊಡುತ್ತಿದ್ದದ್ದು ಇನ್ನೊಂದು ವರ್ಷ. 2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರವರೆಗೆ ಬಂದ ಸಂಬಳ, ಬಡ್ಡಿ, ಬಾಡಿಗೆ ಎಲ್ಲವೂ 2024-25ರ ಹಣಕಾಸು ವರ್ಷದ್ದು. ಅದರ ಮೇಲೆ ತೆರಿಗೆ ಎಷ್ಟೆಂದು ಸರ್ಕಾರ ಕನ್ನಡಕ ಏರಿಸಿಕೊಂಡು ನೋಡುವುದು 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗಿನ 2025-26ರಲ್ಲಿ. ಅದಕ್ಕೆ ಅಸೆಸ್‌ಮೆಂಟ್ ವರ್ಷ ಎಂದು ಹೆಸರು. ಸರಿ, ಒಂದು ಕೂಡಿಸಿದರೆ ಮುಗಿಯಿತಲ್ಲ ಎನ್ನುತ್ತೀರಿ. ಯಾವ ಕಾಗದದಲ್ಲಿ ಆಗಲೇ ಕೂಡಿಸಿದ್ದಾರೆ, ಯಾವುದರಲ್ಲಿ ನಾವೇ ಕೂಡಿಸಬೇಕು ಎನ್ನುವುದು ಗೊತ್ತಾದರೆ ತಾನೆ!

ಬ್ಯಾಂಕು ಕೊಡುವ ಬಡ್ಡಿ ಸರ್ಟಿಫಿಕೇಟಿನಲ್ಲಿ ಹಣಕಾಸು ವರ್ಷ ಇರುತ್ತದೆ. ರಿಟರ್ನ್ ಫಾರಂ, ತೆರಿಗೆ ಚಲನ್‌ಗಳ ಮೇಲೆ ಅಸೆಸ್‌ಮೆಂಟ್ ವರ್ಷ. ಸಂಬಳ ಕೊಡುವವರು ನೀಡುವ ಫಾರಂ 16ರಲ್ಲಿ ಅಸೆಸ್‌ಮೆಂಟ್ ವರ್ಷ 2025-26 ಎಂದು ಮುದ್ರಿಸಿ, ಪಕ್ಕದಲ್ಲೇ ಕೆಲಸ ಮಾಡಿದ ಅವಧಿ 2024ರ ಏಪ್ರಿಲ್‌ನಿಂದ 2025ರ ಮಾರ್ಚ್ ಎಂದು ಹಾಕಿರುತ್ತಾರೆ. ಒಂದೇ ಹಾಳೆಯಲ್ಲಿ ಎರಡು ವರ್ಷ, ಎರಡೂ ಸರಿ.

ಇನ್ನು ಮುಂಗಡ ತೆರಿಗೆ. ಅದರ ಕೊನೆಯ ಕಂತಿಗೆ ಮಾರ್ಚ್ 15 ಗಡುವು. 2025ರ ಮಾರ್ಚ್ 15ರಂದು ದುಡ್ಡು ಕಟ್ಟಿದವರು ಚಲನ್‌ನಲ್ಲಿ ಆರಿಸಬೇಕಾಗಿದ್ದದ್ದು 2025-26. ಆ ವರ್ಷ ಹುಟ್ಟುವುದಕ್ಕೆ ಇನ್ನೂ 17 ದಿನ ಇತ್ತು. ಬಸಿರಲ್ಲಿರುವಾಗಲೇ ಮಗುವಿನ ಹೆಸರಲ್ಲಿ ಖಾತೆ ತೆರೆದು ಹಣ ಹಾಕಿದ ಹಾಗೆ. ಅದೇ ಹೊತ್ತಿಗೆ, ಇನ್ನೂ ನಡೆಯುತ್ತಿದ್ದ ವರ್ಷವನ್ನು 1961ರ ಕಾಯ್ದೆ ಹಿಂದಿನ ವರ್ಷ ಎಂದೇ ಕರೆಯುತ್ತಿತ್ತು.

ನಿವೃತ್ತ ಮೇಷ್ಟ್ರೊಬ್ಬರನ್ನು ಊಹಿಸಿಕೊಳ್ಳಿ. ವ್ಯಾಪಾರದ ಆದಾಯವಿಲ್ಲದ ಹಿರಿಯ ನಾಗರಿಕರಾದ್ದರಿಂದ ಮುಂಗಡ ತೆರಿಗೆಯ ಕಾಟ ಅವರಿಗಿಲ್ಲ. ಠೇವಣಿ ಬಡ್ಡಿಯ ಲೆಕ್ಕದಲ್ಲಿ 18,000 ರೂಪಾಯಿ ಬಾಕಿ. 2025ರ ಆಗಸ್ಟ್‌ನಲ್ಲಿ ಕಂಪ್ಯೂಟರಿನ ಮುಂದೆ ಕೂತರು. ಬಡ್ಡಿ ಸರ್ಟಿಫಿಕೇಟಿನಲ್ಲಿ 2024-25 ಇತ್ತು. ಪರದೆ ವರ್ಷ ಕೇಳಿತು, ಅವರು 2024-25 ಒತ್ತಿದರು. ಜೀವನವಿಡೀ ಮಕ್ಕಳಿಗೆ 'ಪ್ರಶ್ನೆ ಸರಿಯಾಗಿ ಓದಿ' ಎಂದವರು, ಪ್ರಶ್ನೆ ಓದಿಯೇ ಒತ್ತಿದ್ದರು. ವರ್ಷ ಎಂದರೆ ದುಡ್ಡು ಬಂದ ವರ್ಷ ಎಂದು ತಿಳಿದದ್ದೇ ತಪ್ಪಾಯಿತು. ಹಣ ಹೋಯಿತು, ರಸೀದಿಯೂ ಬಂತು. ಯಂತ್ರ ತಕರಾರು ಮಾಡಲಿಲ್ಲ, ಏಕೆಂದರೆ ಹಳೆಯ ವರ್ಷದ ಬಾಕಿ ಕಟ್ಟುವವರೂ ಇರುತ್ತಾರಲ್ಲ.

ಆಮೇಲೆ 2025-26ರ ರಿಟರ್ನ್ ಸಲ್ಲಿಸಿದರು. ಕೆಲವು ವಾರಗಳಲ್ಲಿ ಇಲಾಖೆಯಿಂದ ಸೆಕ್ಷನ್ 143(1)ರ ನೋಟೀಸು: ಕಟ್ಟಿದ್ದೇನೆ ಎಂದ ತೆರಿಗೆ ನಮ್ಮಲ್ಲಿ ಕಾಣುತ್ತಿಲ್ಲ, 18,000 ರೂಪಾಯಿ ಬಡ್ಡಿ ಸಮೇತ ಕಟ್ಟಿ. ಹಣ ಅವರಲ್ಲೇ ಇದೆ, ಪಕ್ಕದ ಕೋಣೆಯಲ್ಲಿ. ಯಾವ ವರ್ಷಕ್ಕೆ ಎಷ್ಟು ತೆರಿಗೆ ಜಮೆ ಎಂದು ತೋರಿಸುವ ಫಾರಂ 26ಎಎಸ್ ತೆಗೆದು ನೋಡಿದರೆ 2025-26ರಲ್ಲಿ ಆ ಚಲನ್ ಇಲ್ಲ, 2024-25ರಲ್ಲಿ ಕಾಲು ಚಾಚಿ ಮಲಗಿದೆ.

"ಮೇಷ್ಟ್ರೇ, ಕಟ್ಟಿದ ಏಳು ದಿನದೊಳಗೆ ನೋಡಿದ್ದರೆ ಪೋರ್ಟಲ್‌ನಲ್ಲೇ ವರ್ಷ ಬದಲಾಯಿಸಬಹುದಿತ್ತು," ಎಂದರು ಆಡಿಟರ್. "ಈಗ ನಿಮ್ಮ ಅಸೆಸಿಂಗ್ ಅಧಿಕಾರಿಗೆ ಅರ್ಜಿ ಹಾಕಬೇಕು."

"ನೋಟೀಸು ಬಂದದ್ದೇ ತಿಂಗಳ ಮೇಲಲ್ಲವೇ ಸ್ವಾಮಿ? ಏಳು ದಿನದೊಳಗೆ ತಪ್ಪು ಗೊತ್ತಾಗಬೇಕಾದರೆ ತಪ್ಪೇ ಮಾಡಿರಬಾರದು!"

ಈ ಒಂದು ವರ್ಷದ ಕಾಯುವಿಕೆ ಅನಿವಾರ್ಯವೇನೂ ಅಲ್ಲ ಎಂದು ಹಳೆಯ ಕಾಯ್ದೆಗೂ ಗೊತ್ತಿತ್ತು. ಭಾರತ ಬಿಟ್ಟು ವಾಪಸ್ ಬರದಂತೆ ಹೊರಡುವವನಾದರೆ, ಸೆಕ್ಷನ್ 174ರಂತೆ ದುಡಿದ ವರ್ಷದಲ್ಲೇ ಅವನ ಲೆಕ್ಕ ಚುಕ್ತಾ ಮಾಡಬಹುದಿತ್ತು. ಇಲ್ಲೇ ಇರುವವರಿಗೆ ಮಾತ್ರ ಎರಡು ವರ್ಷದ ಭಾಗ್ಯ.

ಕೊನೆಗೂ ಸರ್ಕಾರಕ್ಕೆ ಕನಿಕರ ಬಂತು. 2026ರ ಏಪ್ರಿಲ್ 1ರಿಂದ ಜಾರಿಯ 2025ರ ಹೊಸ ಕಾಯ್ದೆಯಲ್ಲಿ ಹಿಂದಿನ ವರ್ಷ, ಅಸೆಸ್‌ಮೆಂಟ್ ವರ್ಷ ಎರಡೂ ಹೋಗಿ ಒಂದೇ 'ಟ್ಯಾಕ್ಸ್ ಇಯರ್' ಉಳಿಯಿತು. ದುಡಿದ ವರ್ಷವೇ ತೆರಿಗೆ ವರ್ಷ. ಚಪ್ಪಾಳೆ ತಟ್ಟುವ ಮೊದಲು ಒಂದು ಲೆಕ್ಕ ಮಾಡೋಣ. 2026ರ ಮಾರ್ಚ್ 31ಕ್ಕೆ ಮುಗಿದ ವರ್ಷದ ಆದಾಯ ಹಳೆಯ ಕಾಯ್ದೆಗೇ ಸೇರಿದ್ದು, ಅದರ ಅಸೆಸ್‌ಮೆಂಟ್ ವರ್ಷ 2026-27. ಏಪ್ರಿಲ್ 1ರಿಂದ ಬರುವ ಆದಾಯದ ಟ್ಯಾಕ್ಸ್ ಇಯರ್ ಯಾವುದು? ಅದೂ 2026-27.

ಅಂದರೆ 2026ರ ಜೂನ್ 15ಕ್ಕೆ ಕಟ್ಟುವ ಮುಂಗಡ ತೆರಿಗೆಯ ಮೊದಲ ಕಂತು 2026-27ರದ್ದು, ಜುಲೈನಲ್ಲಿ ರಿಟರ್ನ್ ಜೊತೆ ಕಟ್ಟುವ ಬಾಕಿಯೂ 2026-27ರದ್ದು. ಮೊದಲನೆಯದು ಈಗ ದುಡಿಯುತ್ತಿರುವುದರ ಮೇಲೆ, ಎರಡನೆಯದು ಹೋದ ವರ್ಷ ದುಡಿದದ್ದರ ಮೇಲೆ. ಒಂದು ಕೂಡಿಸಬೇಕು ಎಂದು ಮೇಷ್ಟ್ರು ಈಗಷ್ಟೇ ಗೋಡೆಯ ಕ್ಯಾಲೆಂಡರ್ ಮೇಲೆ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದರು; ಏಪ್ರಿಲ್‌ನಿಂದ ಬರುವ ಬಡ್ಡಿಯ ಬಾಬತ್ತಿಗೆ ಆಡಿಟರ್ ಅದನ್ನು ಹೊಡೆದುಹಾಕಿ, ಜುಲೈ ಬಾಬತ್ತಿಗೆ ಇರಲಿ ಎಂದು ಮತ್ತೆ ಬರೆದು ಹೋಗಿದ್ದಾರೆ.