ಬಿಳಿ ಬಣ್ಣದ ಪ್ರಮಾಣಪತ್ರ

ದಾವಣಗೆರೆಯ ನಮ್ಮ ಬಡಾವಣೆಯವರು ಇನ್ನು ಮೂಗು ಮುಚ್ಚಿಕೊಳ್ಳುವಂತಿಲ್ಲ. ಕೊಳಚೆನೀರು ಸಂಸ್ಕರಣಾ ಘಟಕದಿಂದ ಹೊರಬೀಳುವ ಕಪ್ಪುನೀರಿನ ಬಿಒಡಿ ಲೀಟರಿಗೆ ಬರೀ 4 ಮಿಲಿಗ್ರಾಂ ಎಂದು ವರದಿ ಬಂದಿದೆ. ಹಳ್ಳಕ್ಕೆ ಬಿಡುವ ನೀರಿಗೆ ಸಾಮಾನ್ಯ ಮಿತಿಯೇ 30. ವಾಸನೆಗೆ ಮಾತ್ರ ವರದಿಯ ಪ್ರತಿ ಇನ್ನೂ ತಲುಪಿಲ್ಲ.

ನೀರಿನಲ್ಲಿರುವ ಕೊಳೆಯನ್ನು ತಿಂದು ಜೀರ್ಣಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಲೆಕ್ಕವೇ ಬಿಒಡಿ. ಮಾದರಿಯನ್ನು 300 ಮಿಲಿಲೀಟರಿನ ಬಾಟಲಿಯಲ್ಲಿ ಗಾಳಿಗುಳ್ಳೆ ಉಳಿಯದಂತೆ ತುಂಬಿ, 27 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕತ್ತಲಲ್ಲಿ 3 ದಿನ ಇಡುತ್ತಾರೆ. ಮೊದಲಿದ್ದ ಆಮ್ಲಜನಕದಲ್ಲಿ ಕೊನೆಗೆ ಉಳಿದದ್ದನ್ನು ಕಳೆಯುತ್ತಾರೆ. ನಮ್ಮವರೂ ಕಳೆದರು: ಮೊದಲ ದಿನ 4, ಮೂರನೆಯ ದಿನ ಸೊನ್ನೆ, ಉತ್ತರ 4. ಗಣಿತದಲ್ಲಿ ತಪ್ಪು ಹುಡುಕುವಂತಿಲ್ಲ.

ಹಸಿದು ಬಂದವನ ಮುಂದೆ ಒಂದೇ ಬೆಣ್ಣೆದೋಸೆ ಇಟ್ಟು, ಅವನು ಎಲೆಯನ್ನೂ ನೆಕ್ಕಿದ ಮೇಲೆ ‘ಇವನ ಹಸಿವು ಒಂದು ದೋಸೆ’ ಎಂದು ಬರೆದುಕೊಂಡಂತಾಯಿತು. ಆ ತಾಪಮಾನದಲ್ಲಿ ಗಾಳಿಯಾಡಿಸಿದ ನೀರಿನಲ್ಲೂ ಕರಗಿರುವ ಆಮ್ಲಜನಕ ಲೀಟರಿಗೆ 8 ಮಿಲಿಗ್ರಾಂ ದಾಟುವುದು ಕಷ್ಟ. ಹಾಗಿರುವಾಗ ಕೊಳಚೆಯನ್ನು ನೇರವಾಗಿ ಬಾಟಲಿಗೆ ಸುರಿದು ಅಳೆದರೆ ಯಾವ ಚರಂಡಿ ತಾನೇ 30ರ ಮಿತಿ ಮೀರೀತು?

ಬಾಟಲಿಯೇನೋ ಸುಳಿವು ಕೊಟ್ಟಿತ್ತು. ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರೀಯ ಅಯೊಡೈಡ್ ಹಾಕಿದಾಗ ಆಮ್ಲಜನಕವಿದ್ದರೆ ಕಂದು ಗಸಿ ಕೂರುತ್ತದೆ. ಇಲ್ಲದಿದ್ದರೆ ಗಸಿ ಬೆಳ್ಳಗೇ ಇರುತ್ತದೆ. ಬೆಳ್ಳಗಿತ್ತು. ಬಿಳಿಯೆಂದರೆ ಶುದ್ಧ ಎಂದುಕೊಂಡರು. ಆಮ್ಲಜನಕ ಎಷ್ಟಿದೆಯೆಂದು ಅಳೆಯಲು ಹನಿಹನಿಯಾಗಿ ಬಿಡುವ ಥಯೋಸಲ್ಫೇಟ್ ದ್ರಾವಣದ ಒಂದು ಹನಿಯೂ ಖರ್ಚಾಗಲಿಲ್ಲವೆಂದು ಉಗ್ರಾಣದವರಿಗೂ ಸಂತೋಷ.

ಫಲಿತಾಂಶ ನಂಬಬೇಕಾದರೆ ಕನಿಷ್ಠ 2 ಮಿಲಿಗ್ರಾಂ ಖರ್ಚಾಗಿರಬೇಕು, ಕನಿಷ್ಠ 1 ಉಳಿದಿರಬೇಕು. ಅದಕ್ಕಾಗಿಯೇ ಮಾದರಿಗೆ ಗಾಳಿಯಾಡಿಸಿದ, ಪೋಷಕ ಲವಣ ಬೆರೆಸಿದ ನೀರು ಸೇರಿಸುವುದು. ಪಕ್ಕದ ಕಾಲೇಜಿನ ಮೇಷ್ಟರೊಬ್ಬರು ಇದನ್ನು ತಿಳಿಸಿ, ಅದೇ ನೀರಿನ 6 ಮಿಲಿಲೀಟರಿಗೆ ಬಾಟಲಿ ತುಂಬುವಷ್ಟು ಅಂಥ ನೀರು ಬೆರೆಸಿ ತೋರಿಸಿದರು. ಮೊದಲು 7.2, ಮೂರು ದಿನದ ಮೇಲೆ 3.0. ಇಳಿದದ್ದು 4.2. ನೀರು ಬೆರೆತದ್ದು 50 ಪಟ್ಟು. ಹಾಗಾಗಿ ಬಿಒಡಿ 210.

ಕಚೇರಿ ಸಲಹೆಯನ್ನು ಗೌರವದಿಂದ ಸ್ವೀಕರಿಸಿತು. ನೀರು ಬೆರೆಸಲು ಆದೇಶವಾಯಿತು. ಗುಣಿಸಲು ಆಗಲಿಲ್ಲ, ಆದೇಶದಲ್ಲಿ ಆ ಮಾತೇ ಇರಲಿಲ್ಲ. ಹೊಸ ವರದಿಯ ಅಂಕಿ 4.2. ಹಳೆಯದು 4 ಇದ್ದುದರಿಂದ ‘ಎರಡೂ ವಿಧಾನಗಳ ಫಲಿತಾಂಶ ತಾಳೆಯಾಗಿದೆ, ಮೇಷ್ಟರ ಆಕ್ಷೇಪಣೆಯನ್ನು ಮುಕ್ತಾಯಗೊಳಿಸಲಾಗಿದೆ’ ಎಂಬ ಷರಾ ಬಿದ್ದಿದೆ.